ತಳ ಉಬ್ಬಿದ ಸೇರು

ಇದನ್ನು ಬರೆಯಲು ಕೂರುತ್ತಿರುವುದು ಇದು ಮೂರನೆಯ ಸಲ. ಮೊದಲ ಸಲ ಪೆನ್ನು ಸರಿಯಾಗಿ ಬರೆಯುತ್ತಿಲ್ಲ ಎಂದು ಎದ್ದೆ. ಎರಡನೆಯ ಸಲ ಮೊಮ್ಮಗಳ ನೋಟುಪುಸ್ತಕದ ಹಾಳೆ ಹರಿಯುವುದು ತಪ್ಪು ಎಂದು ಎದ್ದೆ. ಅದೇ ಸಂಜೆ ಅದೇ ಪುಸ್ತಕದಲ್ಲಿ ಇಸ್ಪೀಟಿನ ಅಂಕ ಗೀಚಿದೆ. ನೆಪ ಹುಡುಕುವುದರಲ್ಲಿ ನನ್ನಷ್ಟು ನಿಪುಣರು ದುರ್ಗದಲ್ಲಿ ಕಡಿಮೆ. ಈಗ ನೆಪಗಳೂ ಮುಗಿದಿವೆ, ವಯಸ್ಸೂ ಎಪ್ಪತ್ತೊಂದಾಗಿದೆ. ಹಾಗಾಗಿ ಹೇಳಿಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಗಣಿತದಲ್ಲಿ ಮೂವತ್ತೈದು, ಅದಕ್ಕೊಂದು ಹೆಚ್ಚಿಲ್ಲ. ಆ ಮೂವತ್ತೈದನ್ನೇ ನಂಬಿಕೊಂಡು ಚಿಕ್ಕಜಾಜೂರು ಜಂಕ್ಷನ್ನಿನ ಎದುರು ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದೆ. ಹಳಿ ರಿಪೇರಿ ಮಾಡುವ ರೈಲ್ವೆಯ ಗ್ಯಾಂಗಿನವರು, ಪಾಯಿಂಟ್ಸ್‌ಮನ್ನುಗಳು, ಗಾಡಿ ತಪ್ಪಿಸಿಕೊಂಡು ಮುಂದಿನ ಗಾಡಿಗೆ ಕಾಯುವವರು ನನ್ನ ಗಿರಾಕಿಗಳು. ಊಟಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ಮೂರನೆಯ ರೊಟ್ಟಿಗೆ ಬೇರೆ ಕಾಸು.

ರೇಟು ಏರಿಸುವುದು ಆಗಲೂ ತಲೆನೋವೇ. ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಯನ್ನು ಒಂದು ರೂಪಾಯಿ ತಿದ್ದಿದರೂ ಗ್ಯಾಂಗಿನವರು ಇಡೀ ಹಲಗೆಯನ್ನು ಎರಡು ಸಲ ಓದಿ, "ಏನಪ್ಪ, ರೊಟ್ಟಿ ಒಳಗೆ ಬಂಗಾರ ಇಟ್ಟಿದೀಯಾ" ಎಂದು ಕೇಳಿ ಎದುರಿನ ಚಹಾ ಅಂಗಡಿಗೆ ಹೋಗಿ ಬನ್ನು ತಿಂದು ಬರುತ್ತಿದ್ದರು. ಒಂದು ವರ್ಷ ಜೋಳದ ಬೆಲೆ ವಿಪರೀತ ಏರಿತು. ಹಲಗೆ ತಿದ್ದುವ ಧೈರ್ಯ ನನಗಿರಲಿಲ್ಲ. ಹೊಳಲ್ಕೆರೆಯಲ್ಲಿ ಪಾತ್ರೆ ರಿಪೇರಿ ಮಾಡುವವನೊಬ್ಬನಿಗೆ ಹಿಟ್ಟು ಅಳೆಯುವ ನನ್ನ ಹಿತ್ತಾಳೆಯ ಸೇರು ಕೊಟ್ಟು, ತಳವನ್ನು ಒಳಕ್ಕೆ ಬಡಿದು ಉಬ್ಬಿಸಲು ಹೇಳಿದೆ. ಅವನು ಯಾಕೆಂದು ಕೇಳಲಿಲ್ಲ. ಅಂಥ ಕೆಲಸಕ್ಕೆ ಹೋದವನು ನಾನು ಮೊದಲಿಗನೇನೂ ಆಗಿರಲಿಲ್ಲ ಅನ್ನಿಸುತ್ತದೆ.

ಹೊರಗಿನಿಂದ ನೋಡಿದರೆ ಅದು ಸೇರೇ. ನೆಲದ ಮೇಲೆ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ. ಒಳಗೆ ಕೈ ಇಳಿಸಿದವರಿಗೆ ಮಾತ್ರ ತಳ ಆಮೆಯ ಬೆನ್ನಿನ ಹಾಗೆ ಎದ್ದಿರುವುದು ತಿಳಿಯುತ್ತದೆ. ನಮ್ಮಲ್ಲಿ ಲೆಕ್ಕ ಸೇರಿಗೆ ಹನ್ನೆರಡು ರೊಟ್ಟಿ. ಹಿಟ್ಟು ಅಳೆದು ಕೊಡುವವನು ನಾನು; ಹನ್ನೆರಡು ಎಣಿಸಿಕೊಳ್ಳುವವನೂ ನಾನು. ನಡುವೆ ಹಿಟ್ಟು ಐದರಲ್ಲೊಂದು ಪಾಲು ಕಡಿಮೆಯಾದರೆ ರೊಟ್ಟಿಗಳು ತಾವಾಗಿಯೇ ಸಣ್ಣಗಾಗುತ್ತವೆ, ಹಲಗೆಯ ಮೇಲಿನ ಅಂಕಿ ಮುಟ್ಟಬೇಕಾಗಿಲ್ಲ.

ರೊಟ್ಟಿ ಬಡಿಯುತ್ತಿದ್ದಾಕೆ ಊರಿನವಳೇ. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಕೈ ಎಷ್ಟು ಹದವೆಂದರೆ ಆಕೆ ತಟ್ಟಿದ ರೊಟ್ಟಿಯ ಅಂಚು ಹರಿದದ್ದನ್ನು ನಾನು ಕಂಡಿಲ್ಲ. ಗ್ಯಾಂಗಿನವರು ರೊಟ್ಟಿ ಸಣ್ಣದಾಗಿದೆ ಎಂದು ಆಕೆಯನ್ನೇ ರೇಗಿಸುತ್ತಿದ್ದರು. ಆಕೆ ತವೆಯ ಮೇಲಿನ ಕಣ್ಣು ತೆಗೆಯದೆ, "ವಯಸ್ಸಾತು, ಅಂಗೈ ಸಣ್ಣದಾತು, ಏನ್ ಮಾಡಾಣ" ಎಂದು ನಗುತ್ತಿದ್ದಳು. ಆಗ ಆಕೆಗೆ ನಲವತ್ತೂ ಆಗಿರಲಿಲ್ಲ. ಆ ಮಾತಿಗೆ ನಾನೂ ನಗುತ್ತಿದ್ದೆ. ಎಂಥ ಪೆದ್ದು ಹೆಂಗಸು, ಏನೂ ಗೊತ್ತಾಗಿಲ್ಲ ಎಂದುಕೊಂಡು ಇನ್ನೂ ಸ್ವಲ್ಪ ಹೆಚ್ಚೇ ನಗುತ್ತಿದ್ದೆ.

ಮಂಡಿನೋವು ಶುರುವಾದ ಮೇಲೆ ಖಾನಾವಳಿ ಮುಚ್ಚಿ ದುರ್ಗಕ್ಕೆ ಮಗನ ಮನೆಗೆ ಬಂದೆ. ಮಗ ಸರ್ಕಾರಿ ಬಸ್ಸಿನ ಕಂಡಕ್ಟರು. ಸೊಸೆ ಹಿರಿಯೂರಿನವಳು, ತೆಂಗಿನಕಾಯಿ ವ್ಯಾಪಾರದ ಮನೆಯಿಂದ ಬಂದವಳು. ಮನೆಯ ಪಕ್ಕದ ಶೀಟಿನ ಕೋಣೆಯಲ್ಲಿ ಆಕೆ ಒಂದು ಅಡುಗೆಮನೆ ಶುರುಮಾಡಿದಳು. ಕುರ್ಚಿ ಇಲ್ಲ, ಮೇಜಿಲ್ಲ, ಬೋರ್ಡೂ ಇಲ್ಲ. ಊಟ ಮಾಡುವವರು ಫೋನಿನಲ್ಲಿ ಒತ್ತುತ್ತಾರೆ, ಬೈಕಿನವನು ಬಂದು ಒಯ್ಯುತ್ತಾನೆ. ಇದಕ್ಕೆ ಕ್ಲೌಡ್ ಕಿಚನ್ ಎನ್ನುತ್ತಾರೆ ಎಂದು ಸೊಸೆ ಹೇಳಿದಳು. ಗಿರಾಕಿಯ ಮುಖ ಕಾಣದ ಖಾನಾವಳಿ ಎಂದು ನಾನು ಅರ್ಥಮಾಡಿಕೊಂಡೆ, ಮತ್ತು ಒಳಗೊಳಗೇ ಹೊಟ್ಟೆಕಿಚ್ಚುಪಟ್ಟೆ. ಇಪ್ಪತ್ತೆರಡು ವರ್ಷ ಗ್ಯಾಂಗಿನವರ ಮುಖ ನೋಡಿದವನು ನಾನು.

ಮೊದಲು ಮುದ್ದೆ ಊಟ ಇಟ್ಟು ನೋಡಿದಳು. ಡಬ್ಬಿಯಲ್ಲಿ ಕೂತು ಊರು ಸುತ್ತಿದ ಮುದ್ದೆ ಗಿರಾಕಿಯ ಮನೆ ತಲುಪುವ ಹೊತ್ತಿಗೆ ಕೋಟೆಗೆ ಕಟ್ಟುವ ಕಲ್ಲಾಗಿರುತ್ತಿತ್ತು. ಆಮೇಲೆ ರೊಟ್ಟಿ ಊಟಕ್ಕೆ ಬಂದಳು. ಮೆತ್ತನೆ ರೊಟ್ಟಿ ಫಾಯಿಲ್‌ನಲ್ಲಿ ಸುತ್ತಿದರೆ ಗಂಟೆಗಟ್ಟಲೆ ಹದವಾಗಿರುತ್ತದೆ. ರೊಟ್ಟಿಗೆ ಯಾರು ಎಂಬ ಪ್ರಶ್ನೆ ಬಂದಾಗ ನನಗೆ ಚಿಕ್ಕಜಾಜೂರಿನಾಕೆಯೇ ನೆನಪಾದದ್ದು. ಆಕೆ ಆಗ ದುರ್ಗದಲ್ಲೇ ಹೊಳಲ್ಕೆರೆ ರಸ್ತೆಯ ಕಡೆ ಮಗಳ ಮನೆಯಲ್ಲಿದ್ದಳು. ಕರೆದರೆ ಮರುದಿನವೇ ಸೆರಗು ಸಿಕ್ಕಿಸಿಕೊಂಡು ಬಂದಳು. ನನ್ನನ್ನು ಇನ್ನೂ ಯಜಮಾನ್ರೆ ಎನ್ನುತ್ತಿದ್ದಳು. ಸೊಸೆ ಆಕೆಯನ್ನು ದೊಡ್ಡಮ್ಮ ಎಂದು ಕರೆದಳು. ನನಗೆ ಕೊಟ್ಟ ಕೆಲಸ ಒಂದೇ: ಬೆಳಗ್ಗೆ ಹಿಟ್ಟು ಅಳೆದು ಕೊಡುವುದು, ರೊಟ್ಟಿ ಎಣಿಸಿಕೊಳ್ಳುವುದು. ಹಳೆ ಮುದುಕನನ್ನು ಸುಮ್ಮನೆ ಕೂರಿಸುವ ಉಪಾಯ ಅದು, ನನಗೂ ಗೊತ್ತಿತ್ತು. ಅಳತೆಗೆ ಸೊಸೆ ಸ್ಟೀಲಿನ ಹೊಸ ಸೇರು ತಂದಿಟ್ಟಿದ್ದಳು. ನನ್ನ ಹಿತ್ತಾಳೆಯದು ಟ್ರಂಕಿನಲ್ಲಿ ಮಲಗಿತ್ತು.

ಜಿಲ್ಲಾ ಆಸ್ಪತ್ರೆಯ ನರ್ಸುಗಳು, ಕೋರ್ಟಿನ ಗುಮಾಸ್ತರು, ಬ್ಯಾಂಕಿನವರು, ಹಾಸ್ಟೆಲಿನ ಹುಡುಗಿಯರು, ಎಲ್ಲರೂ ತರಿಸುತ್ತಿದ್ದರು. ಗಿರಾಕಿಗಳು ಕೊಡುವ ನಕ್ಷತ್ರಗಳ ಸರಾಸರಿ ನಾಲ್ಕು ಪಾಯಿಂಟ್ ಮೂರಕ್ಕೆ ನಿಂತಿತ್ತು. ಅದರಲ್ಲಿ ನನ್ನ ಪಾಲೂ ಇತ್ತು, ಇದನ್ನೂ ಒಪ್ಪಿಕೊಂಡುಬಿಡುತ್ತೇನೆ. ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟರ ಫೋನಿನಿಂದ ನಮ್ಮ ಊಟವನ್ನೇ ತರಿಸಿ, ಅವರ ಜಗಲಿಯಲ್ಲಿ ಕೂತು ತಿಂದು, ಐದು ನಕ್ಷತ್ರ ಒತ್ತಿಸಿ, "ಅಮ್ಮನ ಕೈರುಚಿ ನೆನಪಾಯಿತು" ಎಂದು ಬರೆಸುತ್ತಿದ್ದೆ. ಮೂರು ಸಲ ಬರೆಸಿದೆ. ನಾಲ್ಕನೆಯ ಸಲ ಮೇಷ್ಟರು, ನನ್ನಮ್ಮ ರೊಟ್ಟಿ ಮಾಡುತ್ತಲೇ ಇರಲಿಲ್ಲ, ಇನ್ನು ಮೇಲೆ ಸುಳ್ಳಿಗೆ ಬೇರೆ ಜಗಲಿ ನೋಡಿಕೋ ಎಂದರು.

ಆರ್ಡರು ಬರುತ್ತಿತ್ತು, ದುಡ್ಡು ಉಳಿಯುತ್ತಿರಲಿಲ್ಲ. ಯಾಕೆಂದು ಸೊಸೆ ಒಂದು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ನನ್ನೆದುರು ಕೂತು ವಿವರಿಸಿದಳು. ರೊಟ್ಟಿ ಊಟ ತೊಂಬತ್ತು ರೂಪಾಯಿ. ಆ್ಯಪಿನವರು ನೂರಕ್ಕೆ ಇಪ್ಪತ್ತೆರಡು ಕಮಿಷನ್ ಹಿಡಿಯುತ್ತಾರೆ. ಆ ಕಮಿಷನ್ನಿನ ಮೇಲೆ ತೆರಿಗೆ ಬೇರೆ. ಎಲ್ಲ ಸೇರಿ ನೂರಕ್ಕೆ ಹೆಚ್ಚುಕಡಿಮೆ ಇಪ್ಪತ್ತಾರು. ತೊಂಬತ್ತರಲ್ಲಿ ನಮ್ಮ ಕೈಗೆ ಬರುವುದು ಅರವತ್ತಾರು ಚಿಲ್ಲರೆ. ಹಿಟ್ಟು, ತರಕಾರಿ, ಗ್ಯಾಸು, ಕೂಲಿ, ಡಬ್ಬಿ ಸೇರಿ ಅರವತ್ತೆರಡು ಖರ್ಚು. ಉಳಿಯುವುದು ನಾಲ್ಕು ರೂಪಾಯಿ. ಹೀಗೇ ನಡೆದರೆ ಗ್ಯಾಸಿನ ಬೆಲೆ ಒಂದು ಸಲ ಏರಿದ ದಿನ ಕೋಣೆಗೆ ಬೀಗ ಹಾಕಬೇಕು. ಆ ಕೋಣೆಗೆ ಆಕೆ ತವರಿನವರು ಕೊಟ್ಟಿದ್ದ ಎರಡು ಬಂಗಾರದ ಬಳೆ ಅಡವಿಟ್ಟು ದುಡ್ಡು ಹಾಕಿದ್ದಳು ಎಂಬುದು ನನಗೆ ಗೊತ್ತಿತ್ತು.

ನಾನು ಹಿರಿಯನಂತೆ ಕೆಮ್ಮಿ ಪರಿಹಾರ ಹೇಳಿದೆ. ಇಪ್ಪತ್ತಾರು ಪಾಲು ಹೋಗುತ್ತದೆ ತಾನೆ, ಇಪ್ಪತ್ತಾರು ಪಾಲು ಏರಿಸಿಬಿಡು. ತೊಂಬತ್ತಕ್ಕೆ ಇಪ್ಪತ್ತಮೂರೂವರೆ ಸೇರಿಸು, ನೂರ ಹದಿಮೂರೂವರೆ. ಅಲ್ಲಿಗೆ ಪೂರಾ ತೊಂಬತ್ತು ಕೈಗೆ ಬಂತು.

"ಬರಲ್ಲ ಮಾವ," ಅಂದಳು. "ಏರಿಸಿದ ದುಡ್ಡಿನ ಮೇಲೂ ಅವ್ನು ಮುರ್ಕಂತಾನಲ್ಲ. ನೂರ ಹದಿಮೂರೂವರೆಗೆ ಇಪ್ಪತ್ತಾರು ಪಾಲು ತೆಗೀರಿ, ಎಂಬತ್ನಾಕೇ ಉಳಿಯೋದು."

ನಾನು ಮಾಡಿನೋಡಿದೆ. ಎಂಬತ್ತನಾಲ್ಕೇ ಉಳಿಯಿತು. ಆರು ರೂಪಾಯಿ ಕಣ್ಣೆದುರೇ ಮಾಯವಾಗಿತ್ತು. ಇನ್ನೊಮ್ಮೆ ಮಾಡಿದೆ, ಮತ್ತೆ ಮಾಯವಾಯಿತು.

"ನಮ್ಮಪ್ಪ ಮಂಡಿಗೆ ಕಾಯಿ ಹಾಕಿದಾಗ ದಲಾಲಿ ಮುರ್ಕಳೋದನ್ನ ಹಿಂಗೇ ಹಿಂದಿನಿಂದ ಲೆಕ್ಕ ಹಾಕ್ತಿದ್ದ. ನೂರರಾಗೆ ನಮಗೆ ಎಪ್ಪತ್ನಾಕು ಉಳೀತೈತೆ ಅಂದ್ರೆ, ತೊಂಬತ್ತನ್ನ ಎಪ್ಪತ್ನಾಕರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ನೂರ ಇಪ್ಪತ್ತೆರಡು ಬರ್ತೈತೆ."

ನನ್ನ ಮೂವತ್ತೈದು ಅಂಕ ಅಲ್ಲಿಗೆ ಮುಗಿದುಹೋಯಿತು. ಆದರೂ ಬಿಡಲಿಲ್ಲ. ತೊಂಬತ್ತರ ಊಟ ಒಂದೇ ಸಲಕ್ಕೆ ನೂರ ಇಪ್ಪತ್ತೆರಡು ಮಾಡಿದರೆ ಗಿರಾಕಿಗಳು ಬನ್ನು ತಿನ್ನಲು ಹೋಗುತ್ತಾರೆ ಎಂದೆ. ಅದು ತನಗೂ ಗೊತ್ತು ಎಂದಳು. ಆಕೆ ಏರಿಸಲು ಹೊರಟಿದ್ದು ಹಾಗಲ್ಲ.

ಅವಳ ಯೋಜನೆ ಹೀಗಿತ್ತು. ರೊಟ್ಟಿ ಊಟವೇ ಎಲ್ಲರ ಕಣ್ಣು ಮೊದಲು ಬೀಳುವ ಸಾಲು. ಜನ ಬೇರೆ ಹೋಟೆಲಿನೊಂದಿಗೆ ಹೋಲಿಸುವುದು ಅದನ್ನೇ. ಅದನ್ನು ತೊಂಬತ್ತೊಂಬತ್ತಕ್ಕೆ ಮಾತ್ರ ಏರಿಸಿ ನೂರರ ಒಳಗೇ ಇಡುವುದು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಚಟ್ನಿಪುಡಿ, ಇವುಗಳ ಬೆಲೆ ಎಷ್ಟಿರಬೇಕೆಂದು ಯಾರ ತಲೆಯಲ್ಲೂ ಅಂಕಿ ಇಲ್ಲ; ಅವುಗಳಿಗೆ ಪೂರಾ ಲೆಕ್ಕದ ಬೆಲೆ ಹಾಕುವುದು. ಊಟಕ್ಕೆ ಎಣ್ಣೆಗಾಯಿ, ಮಜ್ಜಿಗೆ ಸೇರಿಸಿ ನೂರ ನಲವತ್ತೊಂಬತ್ತರ ಜೋಡಿ ಊಟ ಮಾಡುವುದು. ಆ್ಯಪಿನ ರಿಯಾಯಿತಿ ಕೂಪನ್ ಅಷ್ಟು ಮೊತ್ತದ ಆರ್ಡರಿಗೇ ಸಿಗುವುದರಿಂದ ತೊಂಬತ್ತೊಂಬತ್ತಕ್ಕೆ ಬಂದವರು ಅಲ್ಲಿಗೆ ಹತ್ತುತ್ತಾರೆ. ಆರ್ಡರು ದೊಡ್ಡದಾದರೆ ಡಬ್ಬಿ, ಕೂಲಿಯ ಖರ್ಚು ಹಂಚಿಹೋಗುತ್ತದೆ. ಪ್ಯಾಕಿಂಗ್ ಚಾರ್ಜನ್ನು ಮಾತ್ರ ಮುಟ್ಟುವುದಿಲ್ಲ ಎಂದಳು. ಊಟ ಆರಿಸಿ ಕೊನೆಯ ಪುಟಕ್ಕೆ ಬಂದವನು ಅಲ್ಲಿ ಹೊಸ ಖರ್ಚು ಕಂಡರೆ ಸಿಟ್ಟಾಗಿ ಫೋನು ಮಡಗುತ್ತಾನಂತೆ. ಎಲ್ಲವನ್ನೂ ಒಂದೇ ದಿನ ಏರಿಸುವುದೂ ಇಲ್ಲ. ಮೊದಲ ವಾರ ಪಕ್ಕದ ತಿನಿಸುಗಳು, ಆಮೇಲೆ ಜೋಡಿ ಊಟ, ಕೊನೆಗೆ ರೊಟ್ಟಿ ಊಟ. ಆಗ ಆರ್ಡರು ಬಿದ್ದರೆ ಯಾವುದರಿಂದ ಬಿತ್ತು ಎಂದು ಗೊತ್ತಾಗುತ್ತದೆ.

ಎಲ್ಲವನ್ನೂ ನೋಡಿಕೊಂಡಿದ್ದಳು. ಟ್ರಂಕಿನಲ್ಲಿದ್ದ ಸೇರೊಂದನ್ನು ಬಿಟ್ಟು.

ಆ ಸೇರನ್ನು ಯಾಕೆ ತೆಗೆದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಸೊಸೆಗೆ ಸಹಾಯವಾಗಲಿ ಎಂದು ಆಗ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ತಿಂಗಳ ಕೊನೆಗೆ ಲಾಭ ಏರಿದಾಗ ಮೀಸೆ ತಿರುವಿ, ನಿನ್ನ ಭಾಗಾಕಾರದಿಂದಲ್ಲಮ್ಮ, ನನ್ನ ಸೇರಿನಿಂದ ಎಂದು ಹೇಳುವ ಆಸೆ. ಆ ಮಾತನ್ನು ಯಾವ ಧಾಟಿಯಲ್ಲಿ ಹೇಳಬೇಕೆಂದು ಕನ್ನಡಿಯ ಮುಂದೆ ಎರಡು ಸಲ ಹೇಳಿಯೂ ನೋಡಿದ್ದೆ. ಮೊದಲ ಬೆಲೆ ಏರಿದ ಸೋಮವಾರವೇ ಸ್ಟೀಲಿನ ಸೇರನ್ನು ಮಂಚದ ಕೆಳಗೆ ತಳ್ಳಿ, ಹಿತ್ತಾಳೆಯದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿ ತಂದು ಹಿಟ್ಟಿನ ಡಬ್ಬದ ಮೇಲಿಟ್ಟೆ. ಹಿತ್ತಾಳೆಯಲ್ಲಿ ಅಳೆದರೆ ಲಕ್ಷ್ಮೀ ಬರುತ್ತಾಳೆ ಎಂದೆ. ಸೊಸೆ, ಬರ್ಲಿ ಬಿಡ್ರಿ, ಬಂದ್ರೆ ರೊಟ್ಟಿ ಊಟ ಕೊಡಾಣ ಎಂದು ಒಲೆಯ ಕಡೆ ತಿರುಗಿದಳು.

ದೊಡ್ಡಮ್ಮ ಆ ಸೇರನ್ನು ನೋಡಿದಳು. ಎರಡನೆಯ ದಿನ, "ಹಿಟ್ಟು ಸಾಲ್ತಿಲ್ಲ ಯಜಮಾನ್ರೆ," ಅಂದಳು. "ಸೇರಿಗೆ ಹನ್ನೆರಡು, ಲೆಕ್ಕ ಲೆಕ್ಕನೇ, ನಿನ್ನ ಕೈ ದಪ್ಪ ಆಗೈತೆ ಕಣಮ್ಮ," ಎಂದೆ. ಆಕೆ ತುಟಿಯ ಮೂಲೆಯಲ್ಲಿ ನಕ್ಕಂತೆ ಮಾಡಿ ಹಿಟ್ಟಿಗೆ ನೀರು ಹಾಕಿದಳು.

ಮೊದಲ ವಾರ ಏನೂ ಆಗಲಿಲ್ಲ. ಎಣ್ಣೆಗಾಯಿಯ ಬೆಲೆ ಏರಿದ್ದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಜೋಡಿ ಊಟವನ್ನು ನರ್ಸುಗಳು ಹಿಡಿದುಕೊಂಡರು. ಸೊಸೆಯ ನಡಿಗೆಯಲ್ಲೇ ಗೆಲುವು ಕಾಣುತ್ತಿತ್ತು. ನಾನೂ ಗೆದ್ದೆ ಎಂದುಕೊಂಡು ಓಡಾಡುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಕಾರಣಕ್ಕೆ ಗೆದ್ದಿದ್ದೆವು.

ಮೂರನೆಯ ವಾರ ರೊಟ್ಟಿ ಊಟ ತೊಂಬತ್ತೊಂಬತ್ತಾಯಿತು. ಅದರ ಎರಡನೆಯ ದಿನ ಆಸ್ಪತ್ರೆಯ ಕಡೆಯಿಂದ ಯಾರೋ ಎರಡು ನಕ್ಷತ್ರ ಕೊಟ್ಟು, ರೇಟು ದೊಡ್ಡದು ರೊಟ್ಟಿ ಚಿಕ್ಕದು ಎಂದು ಬರೆದರು. ಆಮೇಲೆ ಇನ್ನೊಬ್ಬರು ಫೋಟೋ ಹಾಕಿದರು: ಡಬ್ಬಿಯ ಅಂಚು ಮುಟ್ಟಬೇಕಾದ ರೊಟ್ಟಿ ನಡುವೆ ಅನಾಥವಾಗಿ ಕೂತಿತ್ತು. ಬೆಲೆ ತೊಂಬತ್ತಿದ್ದಾಗ ಯಾರೂ ರೊಟ್ಟಿಯನ್ನು ಅಷ್ಟು ದಿಟ್ಟಿಸಿ ನೋಡಿರಲಿಲ್ಲ. ಬೆಲೆ ಏರಿದಾಗ ಗಿರಾಕಿ ತಟ್ಟೆಯನ್ನು ಅಳೆಯುತ್ತಾನೆ. ಇಪ್ಪತ್ತೆರಡು ವರ್ಷದ ಖಾನಾವಳಿಯಲ್ಲಿ ನಾನು ಇದನ್ನು ಕಲಿತೇ ಇರಲಿಲ್ಲ. ಯಾಕೆಂದರೆ ಅಲ್ಲಿ ನಾನು ಒಂದೋ ಬೆಲೆ ಏರಿಸಿದೆ, ಇಲ್ಲವೇ ಸೇರು ತೆಗೆದೆ. ಎರಡನ್ನೂ ಒಟ್ಟಿಗೆ ಯಾವತ್ತೂ ಮಾಡಿರಲಿಲ್ಲ.

ನಾಲ್ಕು ಪಾಯಿಂಟ್ ಮೂರು ಇದ್ದದ್ದು ಮೂರು ಪಾಯಿಂಟ್ ಎಂಟಾಯಿತು. ನಕ್ಷತ್ರ ಇಳಿದವರನ್ನು ಆ್ಯಪು ಪಟ್ಟಿಯ ಕೆಳಕ್ಕೆ ತಳ್ಳುತ್ತದಂತೆ. ಬೆರಳಾಡಿಸುತ್ತ ಅಷ್ಟು ಕೆಳಗೆ ಯಾರೂ ಬರುವುದಿಲ್ಲ. ದಿನಕ್ಕೆ ನಲವತ್ತು ಬರುತ್ತಿದ್ದ ಆರ್ಡರು ಹದಿನೆಂಟಕ್ಕೆ ಬಂದು ನಿಂತಿತು. ಬೈಕಿನವರು ನಮ್ಮ ಗೇಟಿನ ಮುಂದೆ ಕಾಯುವುದನ್ನು ಬಿಟ್ಟು ಬೇರೆ ಹೋಟೆಲಿನ ಕಡೆ ನಿಲ್ಲತೊಡಗಿದರು.

ಸೊಸೆ ಸುಮ್ಮನೆ ಕೂರುವವಳಲ್ಲ. ಅಂಗಡಿಯಿಂದ ಒಂದು ತೂಕದ ಯಂತ್ರ ತಂದು ರೊಟ್ಟಿ ಇಟ್ಟಳು. ಮೊದಲು ಎಂಬತ್ತು ಗ್ರಾಮಿನ ಮೇಲೆ ತೂಗುತ್ತಿದ್ದ ರೊಟ್ಟಿ ಅರವತ್ತೈದೂ ತೂಗಲಿಲ್ಲ. ದೊಡ್ಡಮ್ಮನನ್ನು ಕರೆದು ಕೇಳಿದಳು. ಜೋರು ಮಾಡಲಿಲ್ಲ, ಆದರೆ ಕೇಳಿದಳು.

"ಕೊಟ್ಟ ಹಿಟ್ಟಿಗೆ ಹನ್ನೆರಡು ಬಡಿದು ಕೊಡ್ತಿದೀನಿ ತಾಯಿ," ಅಂದಳು ಆಕೆ.

ಸೊಸೆ ನನ್ನ ಕಡೆ ತಿರುಗಿದಳು. ದಿನಾ ಸರಿಯಾಗಿ ಅಳೆದು ಕೊಡ್ತಿದ್ದೀರಾ ಎಂದು ಕೇಳಿದಳು. ಕಳ್ಳನಿಗೆ ಬಾಗಿಲು ತೆರೆದಿಟ್ಟ ಹಾಗೆ ಒಂದು ನಿಮಿಷ ಒಪ್ಪಿಕೊಳ್ಳುವ ದಾರಿ ನನ್ನೆದುರು ತೆರೆದಿತ್ತು. ಹೌದಮ್ಮ, ಸೇರೇ ಮೋಸದ್ದು ಎಂದು ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಳತೆ ಸರಿಯಾಗೇ ಐತೆ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಸೇರಿನಿಂದ ತವೆಗೆ ಹೋಗೋದ್ರಾಗೆ ಹಿಟ್ಟು ಎಲ್ಲಿಗ್ ಹೋಗ್ತೈತೋ ನನಗೇನ್ ಗೊತ್ತು."

ದೊಡ್ಡಮ್ಮ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಹಿಟ್ಟಿನ ಡಬ್ಬದ ಮೇಲಿದ್ದ ಸೇರನ್ನು ಎತ್ತಿ ಒಳಗೆ ಕೈ ಇಳಿಸಿದಳು. ಬೆರಳುಗಳು ಆ ಉಬ್ಬಿನ ಮೇಲೆ ಒಂದು ಸುತ್ತು ಬಂದದ್ದು ನನಗೆ ಕಂಡಿತು. ಹಳೆ ಪರಿಚಯದವರ ಬೆನ್ನು ಸವರಿದ ಹಾಗೆ. ಸೊಸೆ ಆಗ ತೂಕದ ಯಂತ್ರ ನೋಡುತ್ತಿದ್ದಳು. ದೊಡ್ಡಮ್ಮ ಕೈ ಹೊರಗೆ ತೆಗೆದು, ಸೇರನ್ನು ಇದ್ದಲ್ಲೇ ಮೆಲ್ಲಗೆ ಇಟ್ಟು, ನನ್ನ ಮುಖ ನೋಡಿದಳು.

"ವಯಸ್ಸಾತು ಯಜಮಾನ್ರೆ," ಅಂದಳು. "ಅಂಗೈ ಸಣ್ಣದಾತು."

ಚಿಕ್ಕಜಾಜೂರಿನಲ್ಲಿ ಗ್ಯಾಂಗಿನವರಿಗೆ ಹೇಳುತ್ತಿದ್ದ ಅದೇ ಮಾತು. ಅವತ್ತೇ ನನಗೆ ತಿಳಿದದ್ದು: ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಅಷ್ಟು ವರ್ಷ ಪೆದ್ದಿ ಎಂದುಕೊಂಡು ನಾನು ನಕ್ಕಿದ್ದು ನನ್ನನ್ನು ಕಾಪಾಡುತ್ತಿದ್ದವಳನ್ನು ನೋಡಿ.

ಮರುದಿನ ಆಕೆ ಬರಲಿಲ್ಲ. ಮಗಳ ಮನೆಯಲ್ಲೂ ಇರಲಿಲ್ಲ. ಚಿಕ್ಕಜಾಜೂರಿಗೆ ವಾಪಸು ಹೋದಳಂತೆ. ಊರಿಗೆ ಹೋದದ್ದೇ ಕಳ್ಳತನಕ್ಕೆ ಸಾಕ್ಷಿ ಎಂದು ಮಗ ಕಂಡಕ್ಟರ್ ಧಾಟಿಯಲ್ಲಿ ತೀರ್ಪು ಕೊಟ್ಟ. ನಾನು ಆ ಸಂಜೆಯೇ ಹಿತ್ತಾಳೆಯ ಸೇರನ್ನು ಟ್ರಂಕಿಗೆ ಸೇರಿಸಿ ಸ್ಟೀಲಿನದನ್ನು ತಂದಿಟ್ಟೆ. ಲಕ್ಷ್ಮೀ ಎಲ್ಲಿ ಮಾವ ಎಂದು ಸೊಸೆ ಕೇಳಿದರೆ, ಹಿತ್ತಾಳೆ ಕಿಲುಬು ಹಿಡಿಯುತ್ತದೆ ಎಂದೆ. ರೊಟ್ಟಿ ಬಡಿಯಲು ಬೇರೆ ಇಬ್ಬರು ಬಂದರು. ರೊಟ್ಟಿಗಳು ಹಳೆಯ ಅಗಲಕ್ಕೆ ಬಂದವು. ಎಲ್ಲವೂ ಸರಿಹೋಯಿತು ಎಂದು ಕಾಲು ಚಾಚಿ ಕೂತೆ.

ಸರಿಹೋಗಿರಲಿಲ್ಲ. ಬಿದ್ದ ನಕ್ಷತ್ರ ತಾನಾಗಿ ಏಳುವುದಿಲ್ಲ. ಕೆಟ್ಟ ಬರಹಗಳು ಪುಟದ ಮೇಲೆ ಹಾಗೇ ಇದ್ದವು. ಪಟ್ಟಿಯ ಕೆಳಗೆ ಬಿದ್ದವರ ರೊಟ್ಟಿ ದೊಡ್ಡದಾದದ್ದನ್ನು ಯಾರು ಬಂದು ನೋಡಬೇಕು. ಎರಡು ವಾರವಾದರೂ ಆರ್ಡರು ಇಪ್ಪತ್ತು ದಾಟಲಿಲ್ಲ. ಒಂದು ಭಾನುವಾರ ಸೊಸೆ ಫೋನು ಹಿಡಿದುಕೊಂಡು ಬಂದು ನನ್ನೆದುರು ಕೂತಳು. ಮುಖ ಸೊರಗಿತ್ತು.

"ಗಿರಾಕಿ ಬನ್ನು ತಿನ್ನಾಕೆ ಹೋಗ್ತಾರೆ ಅಂತ ನೀವ್ ಹೇಳಿದ್ದೇ ಸರಿ ಮಾವ. ರೇಟು ಏರಿಸಬಾರದಿತ್ತು. ರೊಟ್ಟಿ ಸರಿ ಆದ್ಮ್ಯಾಲೂ ಜನ ಬರ್ತಿಲ್ಲ ಅಂದ್ರೆ ರೇಟೇ ಹೊಡೆದಿರೋದು. ನಾಳೆ ಎಲ್ಲ ಹಳೇ ರೇಟಿಗೆ ಹಾಕ್ತೀನಿ. ಒಂದು ತಿಂಗಳು ನೋಡಿ ಆಗಲ್ಲ ಅಂದ್ರೆ ಕೋಣೆ ಬಾಡಿಗೆಗೆ ಕೊಡಾಣ."

ಯಾವ ಮಾತು ಕೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆನೋ ಆ ಮಾತು ಬಂದಿತ್ತು. ನೀವು ಹೇಳಿದ್ದೇ ಸರಿ ಮಾವ. ತೊಂಬತ್ತಕ್ಕೆ ಇಳಿಸಿದರೆ ಊಟಕ್ಕೆ ನಾಲ್ಕು ರೂಪಾಯಿ, ಅದೂ ಇಪ್ಪತ್ತು ಆರ್ಡರಿಗೆ. ಆ ಕೋಣೆ ಒಂದು ತಿಂಗಳೂ ಬದುಕುವುದಿಲ್ಲ. ಬಳೆ ಹೋದವು. ಮತ್ತು ಬೆಲೆ ತಪ್ಪಲ್ಲ ಎಂದು ಖಾತ್ರಿಯಾಗಿ ಗೊತ್ತಿದ್ದವನು ಇಡೀ ದುರ್ಗದಲ್ಲಿ ನಾನೊಬ್ಬನೇ.

ಮಾತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಹಿತ್ತಾಳೆಯ ಸೇರು ತಂದೆ. ಸ್ಟೀಲಿನ ಸೇರಿನ ತುಂಬ ನೀರು ಹಿಡಿದು, ಸೊಸೆಯ ಮುಂದೆಯೇ ಹಿತ್ತಾಳೆಯದಕ್ಕೆ ಸುರಿದೆ. ಹಿತ್ತಾಳೆಯದು ತುಂಬಿತು, ನೀರು ಇನ್ನೂ ಉಳಿದಿತ್ತು. ನಾನು ಸುರಿಯುತ್ತಲೇ ಹೋದೆ. ನೀರು ನೆಲದ ಮೇಲೆ ಹರಿದು ಆಕೆಯ ಪಾದ ಮುಟ್ಟಿತು.

ಆಕೆ ಪಾದ ಎಳೆದುಕೊಳ್ಳಲಿಲ್ಲ. ಸೇರನ್ನು ಬಗ್ಗಿಸಿ, ಒಳಗೆ ನೋಡಿ, ಬೆರಳಿನಿಂದ ತಟ್ಟಿದಳು.

"ನಾನು ರೇಟು ಏರಿಸಿದ್ದೆ, ನೀವು ರೊಟ್ಟಿ ಇಳಿಸಿದ್ರಿ," ಅಂದಳು. "ಗಿರಾಕಿ ಎರಡೂ ಕಡೆ ಏಟು ತಿಂದವ್ನೆ." ಸೇರನ್ನು ಕೆಳಗಿಟ್ಟು, "ದೊಡ್ಡಮ್ಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಆಕೆ ಎದ್ದು ಒಳಗೆ ಹೋದಳು. ಎರಡು ದಿನ ನನ್ನ ಊಟ ತಟ್ಟೆಯಲ್ಲಿ ಬಂತು, ಮಾತು ಬರಲಿಲ್ಲ. ಮೊಮ್ಮಗಳೂ ಅಮ್ಮನ ಪಕ್ಷ ಸೇರಿದಳು. ಮೂರನೆಯ ದಿನ ನಾನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದೆ. ಸೊಸೆಯ ಮುಂದೆ ಆ ಮಾತು ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಬೆಲೆಯನ್ನಂತೂ ಆಕೆ ಇಳಿಸಲಿಲ್ಲ. ಹಳೆ ಫೋಟೋ ತೆಗೆದು, ತೂಕದ ಯಂತ್ರದ ಮೇಲೆ ರೊಟ್ಟಿ ಕೂತ ಹೊಸ ಫೋಟೋ ಹಾಕಿದಳು. ಕೆಳಗೆ ಪ್ರತಿ ರೊಟ್ಟಿಗೆ ಎಂಬತ್ತು ಗ್ರಾಂ ಎಂದು ಬರೆದಳು. ಕೆಟ್ಟದಾಗಿ ಬರೆದವರಿಗೆಲ್ಲ ಒಬ್ಬೊಬ್ಬರಿಗೇ, ಅಳತೆಯಲ್ಲಿ ನಮ್ಮದೇ ತಪ್ಪಾಗಿತ್ತು, ಸರಿಪಡಿಸಿದ್ದೇವೆ ಎಂದು ಉತ್ತರ ಕೊಟ್ಟಳು. ತಪ್ಪು ಯಾರದೆಂದು ಬರೆಯಲಿಲ್ಲ. ಮೊದಲು ವಾಪಸು ಬಂದದ್ದು ನರ್ಸುಗಳು. ಆಮೇಲೆ ಕೋರ್ಟಿನವರು. ಎರಡು ತಿಂಗಳಲ್ಲಿ ಆರ್ಡರು ಮೂವತ್ತೈದು ದಾಟಿತು, ಅದರಲ್ಲಿ ಅರ್ಧ ನೂರ ನಲವತ್ತೊಂಬತ್ತರದ್ದೇ. ತೊಂಬತ್ತೊಂಬತ್ತರ ಬಗ್ಗೆ ಒಬ್ಬರೂ ತಕರಾರು ಬರೆದಿಲ್ಲ.

ಸೊಸೆ ಒಂದು ದಿನ ಬಸ್ಸು ಹತ್ತಿ ಚಿಕ್ಕಜಾಜೂರಿಗೆ ಹೋಗಿಬಂದಳು. ಅನುಮಾನಪಟ್ಟಿದ್ದಕ್ಕೆ ದೊಡ್ಡಮ್ಮನ ಕಾಲು ಮುಟ್ಟಿದಳಂತೆ. ಆಕೆ ಕಾಫಿ ಕೊಟ್ಟು, ಮೊಮ್ಮಗಳ ಓದು ವಿಚಾರಿಸಿ, ಇನ್ನು ದುಡಿದದ್ದು ಸಾಕು, ಬರುವುದಿಲ್ಲ ಎಂದಳಂತೆ. ಬಸ್ಸಿಗೆ ಕಳಿಸುವಾಗ ನನಗೊಂದು ಮಾತು ಹೇಳಿ ಕಳಿಸಿದ್ದಳು. ಸೊಸೆ ಆಕೆಯ ದನಿಯಲ್ಲೇ ಹೇಳಿದಳು: "ಆ ಸೇರು ಎಸೀಬ್ಯಾಡ್ರಿ ಅನ್ನು. ಒಳ್ಳೇ ಹಿತ್ತಾಳೆ. ತಳ ಬಡಿಸಿದ್ರೆ ನೆಟ್ಟಗಾಗ್ತೈತೆ."

ಬಡಿಸಿದೆ. ಹೊಳಲ್ಕೆರೆಯ ಆ ಪಾತ್ರೆಯವನು ಈಗಿಲ್ಲ, ಅವನ ಮಗ ಇದ್ದಾನೆ. ಉಬ್ಬಿಸುವುದಕ್ಕಿಂತ ನೇರ ಮಾಡುವುದಕ್ಕೆ ಕೂಲಿ ಹೆಚ್ಚು ಎಂದ, ಕೊಟ್ಟೆ. ಅಲ್ಲಿಂದ ಚಿಕ್ಕಜಾಜೂರು ದೂರವಿಲ್ಲ. ಚೀಲದಲ್ಲಿ ಸೇರು ಇಟ್ಟುಕೊಂಡು ಬಸ್ಸು ಹತ್ತಿದೆ. ಜಂಕ್ಷನ್ ಎದುರು ಇಳಿದೆ. ನನ್ನ ಖಾನಾವಳಿಯ ಜಾಗದಲ್ಲಿ ಮೊಬೈಲ್ ರಿಚಾರ್ಜಿನ ಅಂಗಡಿ ಆಗಿದೆ. ಆಕೆಯ ಮನೆ ಅಲ್ಲಿಂದ ನಾಲ್ಕು ಹೆಜ್ಜೆ. ಬಾಗಿಲು ತೆರೆದಿತ್ತು, ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ತನಗಾಗಿ ಒಂದೋ ಎರಡೋ ಮಾಡಿಕೊಳ್ಳುತ್ತಿದ್ದಿರಬೇಕು. ಅಡುಗೆಯ ಹೊತ್ತಿಗೆ ಹೋದರೆ ಊಟಕ್ಕೆ ಬಂದೆ ಎಂದುಕೊಂಡಾಳು ಎಂಬ ನೆಪ ಸಿಕ್ಕಿತು. ಚಹಾ ಅಂಗಡಿಯಲ್ಲಿ ಕೂತೆ. ಬನ್ನು ತಿಂದೆ. ಮುಂದಿನ ಬಸ್ಸಿಗೆ ಸೇರಿನ ಸಮೇತ ದುರ್ಗಕ್ಕೆ ಬಂದೆ.

ಅದಾಗಿ ಏಳು ತಿಂಗಳಾಯಿತು. ಸೇರು ಈಗ ನಾನು ಬರೆಯುತ್ತಿರುವ ಮೇಜಿನ ಮೇಲೇ ಇದೆ, ನೆಟ್ಟಗೆ, ತುಂಬ ಅಳೆಯುವಂತೆ. ಸೊಸೆಯ ಹತ್ತಿರ ತಪ್ಪಾಯಿತು ಅಂದಿದ್ದೇನೆ. ಮಗನ ಹತ್ತಿರ ಅಂದಿದ್ದೇನೆ, ಅವನು ತನ್ನ ತೀರ್ಪು ಹಿಂತೆಗೆದುಕೊಂಡ. ಸುಳ್ಳು ನಕ್ಷತ್ರಕ್ಕಾಗಿ ಮೇಷ್ಟರ ಹತ್ತಿರವೂ ಅಂದಿದ್ದೇನೆ. ಅನ್ನದೇ ಉಳಿದಿರುವುದು ಒಬ್ಬರಿಗೆ ಮಾತ್ರ: ಎರಡು ಸಲ ನನ್ನ ಸೇರಿನ ಸಣ್ಣತನವನ್ನು ತನ್ನ ಅಂಗೈಗೆ ಹಾಕಿಕೊಂಡ, ಚಿಕ್ಕಜಾಜೂರು ಜಂಕ್ಷನ್ನಿನ ಎದುರು ನಾಲ್ಕು ಹೆಜ್ಜೆ ದೂರದ ಮನೆಯಲ್ಲಿರುವ, ನನ್ನ ಖಾನಾವಳಿಯ ರೊಟ್ಟಿಯಾಕೆಗೆ.